ದುಡ್ಡು ತಗೊಂಡು ಮಾಡುವ ಟ್ರಯಲ್: ಹೊಸ ಕ್ಲೈಂಟ್ ಜೊತೆ ಮೊದಲ ಕೆಲಸವನ್ನು ಹೇಗೆ ರೂಪಿಸೋದು?

"ಮೊದಲು ಒಂದು ಸಣ್ಣ ಟ್ರಯಲ್ ಮಾಡಿ ನೋಡೋಣ" ಅಂತ ಹೊಸ ಕ್ಲೈಂಟ್ ಅಂದಾಗ ಏನು ಹೇಳಬೇಕು? ಎಷ್ಟು ದೊಡ್ಡ ಕೆಲಸ ಒಪ್ಪಬೇಕು, ರೇಟ್ ಕಡಿಮೆ ಮಾಡಬೇಕಾ, ಏನೇನು ಬರೆದುಕೊಳ್ಳಬೇಕು? ಸ್ವಂತವಾಗಿ ಕೆಲಸ ಹಿಡಿದು ಮಾಡುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹಾಗಾಗಿ ಒಂದೇ ಸಲ ಕೂತು ಬರೆಯುತ್ತಿದ್ದೇನೆ.

ಟ್ರಯಲ್ ಅಂದರೆ ನಿಮ್ಮ ಕೈಚಳಕದ ಪರೀಕ್ಷೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ದೊಡ್ಡ ಪ್ರಾಜೆಕ್ಟುಗಳು ಕೈಚಳಕ ಸಾಲದೆ ನಿಲ್ಲೋದು ಕಡಿಮೆ. ಲಾಗಿನ್ ಸಿಗದೆ, ಪ್ರಶ್ನೆಗೆ ಉತ್ತರ ಬರದೆ, ಮೂರು ಜನ ಮೂರು ಥರ ತಿದ್ದುಪಡಿ ಹೇಳಿ, ಕೊನೆಗೆ ಬಿಲ್ ಪಾಸಾಗದೆ ನಿಲ್ಲುತ್ತವೆ. ಲಾಗಿನ್ ಕೊಡೋದು, ಪ್ರಶ್ನೆಗೆ ಉತ್ತರಿಸೋದು, ತಿದ್ದುಪಡಿ ಹೇಳೋದು, ಬಿಲ್ ಪಾಸು ಮಾಡೋದು, ಈ ನಾಲ್ಕೂ ಟ್ರಯಲ್‌ನಲ್ಲಿ ಒಂದೊಂದು ಸಲವಾದರೂ ನಡೆಯಬೇಕು. ಆಗಲೇ ಇಬ್ಬರಿಗೂ ಗೊತ್ತಾಗುತ್ತೆ. ಕೆಳಗಿನ ಹಂತಗಳೆಲ್ಲ ಇದನ್ನು ಇಟ್ಟುಕೊಂಡೇ ಇವೆ.

ಉದ್ದಕ್ಕೂ ಒಂದೇ ಉದಾಹರಣೆ ಹಿಡಿಯೋಣ. ಒಂದು ಸಗಟು ವ್ಯಾಪಾರದ ಕಂಪನಿ ಇದೆ. ಅವರ ಅಕೌಂಟ್ಸ್ ವಿಭಾಗದವರು ತಿಂಗಳಿಗೆ 14 ವರದಿಗಳನ್ನು ಎಕ್ಸೆಲ್‌ನಲ್ಲಿ ಕೈಯಾರೆ ಮಾಡುತ್ತಾರೆ. ಅವೆಲ್ಲ ಡೇಟಾಬೇಸ್‌ನಿಂದ ತಾನಾಗಿಯೇ ಬರಬೇಕು. ಅದು ದೊಡ್ಡ ಕೆಲಸ. ಅದಕ್ಕೆ ಮೊದಲು ಟ್ರಯಲ್. ನೀವು ಡಿಸೈನ್, ಅನುವಾದ, ವಿಡಿಯೊ ಎಡಿಟಿಂಗ್ ಮಾಡುವವರಾದರೂ ಲೆಕ್ಕಾಚಾರ ಹೀಗೇ ಇರುತ್ತೆ.

1. ಸರಿಯಾದ ತುಂಡನ್ನು ಆರಿಸಿ

ಅರ್ಧಕ್ಕಿಂತ ಜಾಸ್ತಿ ಟ್ರಯಲ್‌ಗಳು ಹಾಳಾಗೋದು ಇಲ್ಲೇ ಅಂತ ನನ್ನ ಅನಿಸಿಕೆ. ಹಾಗಾಗಿ ಇದನ್ನು ನಿಧಾನವಾಗಿ ನೋಡೋಣ.

ನಮ್ಮ ಉದಾಹರಣೆಯಲ್ಲಿ ಕ್ಲೈಂಟ್ ಮೂರು ವರದಿ ಮುಂದಿಟ್ಟರು ಅಂದುಕೊಳ್ಳಿ. ಮೊದಲನೆಯದು ದಿನದ ಮಾರಾಟದ ಪಟ್ಟಿ. ಒಂದೇ ಟೇಬಲ್‌ನಿಂದ ಬರುತ್ತೆ, ಎರಡು ಗಂಟೆಯ ಕೆಲಸ. ಯಾರು ಬೇಕಾದರೂ ಮಾಡಬಹುದು, ಮಾಡಿದ್ದರಿಂದ ಯಾರಿಗೂ ಏನೂ ತಿಳಿಯೋದಿಲ್ಲ. ಎರಡನೆಯದು ಗೋದಾಮಿನಲ್ಲಿರುವ ಸರಕಿನ ಬೆಲೆಯ ವರದಿ. ಆ ಬೆಲೆ ಹೇಗೆ ಕಟ್ಟಬೇಕು ಅನ್ನೋದರ ಬಗ್ಗೆ ಅವರ ಆಫೀಸಿನಲ್ಲೇ ಒಮ್ಮತ ಇಲ್ಲ. ಅದಕ್ಕೆ ಕೈ ಹಾಕಿದರೆ ಅವರ ಒಳಜಗಳ ಬಿಡಿಸುತ್ತಾ ಕೂರಬೇಕಾಗುತ್ತೆ. ಮೂರನೆಯದು ಬಾಕಿ ವರದಿ: ಯಾವ ಗ್ರಾಹಕರಿಂದ ಎಷ್ಟು ಹಣ ಬರಬೇಕು, ಅದು 30 ದಿನದಿಂದ ನಿಂತಿದೆಯಾ, 60 ದಿನದಿಂದಾ, 90 ದಾಟಿದೆಯಾ.

ಮೂರನೆಯದೇ ಸರಿ. ಯಾಕೆ ಅಂದರೆ ಇದಕ್ಕೆ ಮೂರು ಕಡೆಯ ಡೇಟಾ ಬೇಕು, ಅಂದರೆ ನಿಜವಾದ ಲಾಗಿನ್ ಬೇಕು. "ಗ್ರಾಹಕರು ಅರ್ಧ ಹಣ ಕಟ್ಟಿದ್ದರೆ ಯಾವ ಬಿಲ್‌ಗೆ ವಜಾ ಮಾಡಬೇಕು?" ಅನ್ನುವಂಥ ಒಂದಾದರೂ ಪ್ರಶ್ನೆ ಬರುತ್ತೆ, ಅದಕ್ಕೆ ಅವರ ಕಡೆಯಿಂದ ಯಾರಾದರೂ ತೀರ್ಮಾನ ಹೇಳಬೇಕು. ಈ ವರದಿಯನ್ನು ಪ್ರತಿ ತಿಂಗಳು ಓದುವ ಒಬ್ಬರು ಇದ್ದಾರೆ, ಅವರೇ ನೋಡಿ ಸರಿ ತಪ್ಪು ಹೇಳಬಲ್ಲರು. ಮುಖ್ಯವಾಗಿ, ದೊಡ್ಡ ಕೆಲಸ ನಿಮಗೆ ಸಿಗದಿದ್ದರೂ ಈ ಒಂದು ವರದಿ ಅವರಿಗೆ ಉಪಯೋಗಕ್ಕೆ ಬರುತ್ತೆ. ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ ಆಗೋದಿಲ್ಲ.

ಗಾತ್ರದ ಬಗ್ಗೆ ಹೇಳೋದಾದರೆ, 10ರಿಂದ 20 ಗಂಟೆಯ ಕೆಲಸ, ಎರಡು ವಾರದೊಳಗೆ ಮುಗಿಯುವಂಥದ್ದು ಒಳ್ಳೆಯದು. ಒಂದು ತಿಂಗಳ ಟ್ರಯಲ್ ಕೇಳಿದರೆ ಅದು ಟ್ರಯಲ್ ಅಲ್ಲ. ಭರವಸೆ ಕೊಡದೆ ಪ್ರಾಜೆಕ್ಟನ್ನೇ ಶುರು ಮಾಡಿಸುತ್ತಿದ್ದಾರೆ ಅಷ್ಟೇ.

ಎಚ್ಚರಿಕೆ: "ನಾಳೆಯೇ ಬೇಕು" ಅನ್ನುವ ತುರ್ತು ಕೆಲಸವನ್ನು ಟ್ರಯಲ್ ಅಂತ ಒಪ್ಪಿಕೊಳ್ಳಬೇಡಿ. ತುರ್ತಿನಲ್ಲಿ ಎಲ್ಲರೂ ಬೇಗ ಉತ್ತರ ಕೊಡುತ್ತಾರೆ, ಎಲ್ಲರೂ ರಾತ್ರಿ ಕೂರುತ್ತಾರೆ. ಮಾಮೂಲಿ ದಿನಗಳಲ್ಲಿ ಇವರು ಹೇಗಿರುತ್ತಾರೆ ಅನ್ನೋದು ನಿಮಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ.

2. ರೇಟ್ ಇಳಿಸಬೇಡಿ, ಗಂಟೆಗೆ ಮಿತಿ ಹಾಕಿ

"ಟ್ರಯಲ್ ಅಲ್ವಾ, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಅನ್ನೋ ಮಾತು ಬಂದೇ ಬರುತ್ತೆ. ನಿಮ್ಮ ಮಾಮೂಲಿ ರೇಟನ್ನೇ ಹೇಳಿ. ಅರ್ಧ ರೇಟಿಗೆ ಮಾಡಿದರೆ ದೊಡ್ಡ ಕೆಲಸದ ಚೌಕಾಸಿ ಆ ಅರ್ಧದಿಂದಲೇ ಶುರುವಾಗುತ್ತೆ. ಇನ್ನೊಂದು ಕಾರಣವೂ ಇದೆ. ನಿಮ್ಮ ನಿಜವಾದ ರೇಟಿನ ಬಿಲ್ ನೋಡಿದಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದು ಪರೀಕ್ಷೆಯ ಭಾಗ. ರಿಯಾಯಿತಿ ಕೊಟ್ಟರೆ ಅದು ಕೊನೆಗೂ ತಿಳಿಯೋದಿಲ್ಲ.

ಆದರೆ ಕ್ಲೈಂಟ್‌ಗೂ ಒಂದು ಭಯ ಇರುತ್ತೆ: ಗೊತ್ತಿಲ್ಲದ ಮನುಷ್ಯ, ಗಂಟೆ ಲೆಕ್ಕ, ಬಿಲ್ ಎಲ್ಲಿಗೆ ಹೋಗಿ ನಿಲ್ಲುತ್ತೋ ಅಂತ. ಅದು ನ್ಯಾಯವಾದ ಭಯವೇ. ಅದಕ್ಕೆ ಗಂಟೆ ಲೆಕ್ಕದ ಜೊತೆ ಒಂದು ಮೇಲ್ಮಿತಿ ಹಾಕಿಕೊಳ್ಳಿ. ಕೆಲಸ ಮಾಡಿದಷ್ಟು ಗಂಟೆಗೆ ಬಿಲ್, ಆದರೆ ಹೇಳಿ ಒಪ್ಪಿಸದೆ ಇಂತಿಷ್ಟು ಗಂಟೆ ದಾಟುವಂತಿಲ್ಲ. ಇಡೀ ಕೆಲಸಕ್ಕೆ ಒಂದೇ ಮೊತ್ತ ಅಂತ ಮಾತಾಡಿದರೂ ಆಗುತ್ತೆ. ಆದರೆ ಆಗ ಸಮಯ ಎಲ್ಲಿ ಹೋಯಿತು ಅನ್ನೋದು ಮುಚ್ಚಿಹೋಗುತ್ತೆ, ಮುಂದಿನ ಅಂದಾಜಿಗೆ ಬೇಕಾದ ಮಾಹಿತಿಯೇ ಅದು.

ಬಾಕಿ ವರದಿಗೆ ನಿಮ್ಮ ಅಂದಾಜು ಹೀಗಿತ್ತು ಅಂದುಕೊಳ್ಳಿ: ಲಾಗಿನ್ ಮತ್ತು ತಯಾರಿಗೆ 3 ಗಂಟೆ, ನಿಯಮಗಳನ್ನು ಅರ್ಥ ಮಾಡಿಕೊಳ್ಳೋಕೆ 3, ವರದಿ ಬರೆಯೋಕೆ 5, ಹಳೆಯ ಲೆಕ್ಕದ ಜೊತೆ ತಾಳೆ ನೋಡೋಕೆ 3, ಒಪ್ಪಿಸೋಕೆ 2. ಒಟ್ಟು 16. ಮೇಲ್ಮಿತಿ 20. ಮಿತಿಯ ಮುಕ್ಕಾಲು ಭಾಗ, ಅಂದರೆ 15 ಗಂಟೆ ತಲುಪಿದಾಗ, ಎಲ್ಲಿದ್ದೀರಿ ಅಂತ ನೀವು ಬರೆದು ತಿಳಿಸಬೇಕು.

ಹಣ ಕೊಡುವ ಕ್ರಮ: ಅಂದಾಜಿನ ಅರ್ಧ ಅಡ್ವಾನ್ಸ್, ಉಳಿದದ್ದು ಕೆಲಸ ಒಪ್ಪಿಸಿದ 7 ದಿನದೊಳಗೆ. "ನಮ್ಮಲ್ಲಿ ಎಲ್ಲ ಬಿಲ್ 45 ದಿನಕ್ಕೆ ಪಾಸಾಗೋದು" ಅಂದರೆ, ಹಾಗಿದ್ದರೆ ದೊಡ್ಡ ಕೆಲಸ ಶುರು ಮಾಡುವ ಮಾತು ಆ ಹಣ ಬಂದ ಮೇಲೆ ಅಂತ ಸ್ಪಷ್ಟವಾಗಿ ಹೇಳಿ. ಟ್ರಯಲ್ ಮುಗಿಯೋದು ವರದಿ ಕಳಿಸಿದ ದಿನವಲ್ಲ, ಕೊನೆಯ ಕಂತು ಖಾತೆಗೆ ಬಂದ ದಿನ.

3. ಒಂದು ಪುಟದಲ್ಲಿ ಬರೆದುಕೊಳ್ಳಿ

ವಕೀಲರ ಭಾಷೆ ಬೇಡ. ಒಂದು ಪುಟ, ಸರಳ ಮಾತು, ಎರಡೂ ಕಡೆಯಿಂದ ಇಮೇಲ್‌ನಲ್ಲಿ "ಒಪ್ಪಿಗೆ" ಅನ್ನುವ ಉತ್ತರ. ನಮ್ಮ ಉದಾಹರಣೆಗೆ ಹೀಗೆ ಬರೆಯಬಹುದು:

"ಬಾಕಿ ವರದಿಯನ್ನು ಡೇಟಾಬೇಸ್‌ನಿಂದ ತಾನಾಗಿ ಬರುವಂತೆ ಮಾಡಿಕೊಡುತ್ತೇನೆ. ಉಳಿದ 13 ವರದಿಗಳು, ಹಳೆಯ ಡೇಟಾ ತಿದ್ದುವುದು, ತರಬೇತಿ ಇದರಲ್ಲಿ ಸೇರಿಲ್ಲ. ಕಳೆದ ಮೂರು ತಿಂಗಳ ಮೊತ್ತ ನಿಮ್ಮ ಕೈಯಾರೆ ಮಾಡಿದ ವರದಿಗೆ ತಾಳೆಯಾಗಬೇಕು. ಆಗದ ಕಡೆ ಯಾಕೆ ಆಗಿಲ್ಲ ಅಂತ ಸಾಲು ಸಾಲಾಗಿ ತೋರಿಸುತ್ತೇನೆ. ಹಾಗಾದರೆ ಕೆಲಸ ಮುಗಿಯಿತು ಅಂತ ಲೆಕ್ಕ. ನಿಮ್ಮ ಕಡೆಯಿಂದ ಬೇಕಾದ್ದು: ಓದಲು ಮಾತ್ರ ಅನುಮತಿ ಇರುವ ಲಾಗಿನ್, ಮೂರು ತಿಂಗಳ ಎಕ್ಸೆಲ್ ಫೈಲು, ಪ್ರಶ್ನೆಗಳಿಗೆ ಉತ್ತರಿಸುವ ಒಬ್ಬರ ಹೆಸರು. ಇವೆಲ್ಲ ಸಿಕ್ಕ ದಿನದಿಂದ 10 ಕೆಲಸದ ದಿನದಲ್ಲಿ ಒಪ್ಪಿಸುತ್ತೇನೆ. ತಿದ್ದುಪಡಿ ಒಂದು ಸುತ್ತು, ಒಬ್ಬರ ಮೂಲಕ. ಯಾವ ಕಡೆಯವರು ಬೇಕಾದರೂ ಯಾವಾಗ ಬೇಕಾದರೂ ನಿಲ್ಲಿಸಬಹುದು. ಅಲ್ಲಿಯವರೆಗಿನ ಗಂಟೆಗೆ ಹಣ ಕೊಡಬೇಕು. ಪೂರ್ತಿ ಹಣ ಬಂದ ಮೇಲೆ ಕೆಲಸದ ಹಕ್ಕು ನಿಮ್ಮದು. ದೊಡ್ಡ ಕೆಲಸ ಕೊಡಲೇಬೇಕು, ಒಪ್ಪಲೇಬೇಕು ಅನ್ನುವ ಕಟ್ಟುಪಾಡು ಇಬ್ಬರಿಗೂ ಇಲ್ಲ. ಒಪ್ಪಿಸಿದ 5 ಕೆಲಸದ ದಿನದೊಳಗೆ ಇಬ್ಬರೂ ತೀರ್ಮಾನ ತಿಳಿಸುತ್ತೇವೆ."

ಇದರ ಕೆಳಗೆ ರೇಟ್, ಮೇಲ್ಮಿತಿ, ಅಡ್ವಾನ್ಸ್ ಸೇರಿಸಿದರೆ ಸಾಕು. ಇದರಲ್ಲಿ ಎರಡು ಸಾಲನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

"ಇವೆಲ್ಲ ಸಿಕ್ಕ ದಿನದಿಂದ" ಅನ್ನೋದನ್ನು ಬಿಡಬೇಡಿ. ತಾರೀಖು ಹಾಕಿಬಿಟ್ಟರೆ, ಲಾಗಿನ್ ನಾಲ್ಕು ದಿನ ತಡವಾಗಿ ಬಂದಾಗ ಆ ನಾಲ್ಕು ದಿನ ನಿಮ್ಮ ಲೆಕ್ಕದಿಂದ ಹೋಗುತ್ತೆ. ಕೊನೆಗೆ ತಡ ಮಾಡಿದವರು ನೀವೇ ಆಗುತ್ತೀರಿ.

ಇನ್ನೊಂದು, "ತಾಳೆಯಾಗದ ಕಡೆ ಯಾಕೆ ಅಂತ ತೋರಿಸುತ್ತೇನೆ". "ಹಳೆಯ ವರದಿಯಂತೆಯೇ ಬರಬೇಕು" ಅಂತ ಸುಮ್ನೆ ಬರೆದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಹಳೆಯದೇ ತಪ್ಪಾಗಿದ್ದರೆ? ಕೈಯಾರೆ ಮಾಡಿದ ಲೆಕ್ಕದಲ್ಲಿ ತಪ್ಪು ಇರೋದು ಹೊಸದೇನಲ್ಲ. ಆ ತಪ್ಪಿಗೂ ತಾಳೆಯಾಗುವ ವರದಿ ಮಾಡಿಕೊಡಿ ಅನ್ನುವ ಸ್ಥಿತಿ ಬರಬಾರದು.

4. ಎರಡೂ ಕಡೆಯ ಅಳತೆಗೋಲು, ಶುರು ಮಾಡುವ ಮೊದಲೇ

ಕ್ಲೈಂಟ್ ನಿಮ್ಮನ್ನು ಯಾವುದರಿಂದ ಅಳೆಯುತ್ತಾರೆ ಅಂತ ಕೇಳಿ, ಬರೆಸಿ. ನೀವು ಅವರನ್ನು ಯಾವುದರಿಂದ ಅಳೆಯುತ್ತೀರಿ ಅಂತಲೂ ಹೇಳಿಬಿಡಿ. ಎರಡನೆಯದನ್ನು ಹೇಳೋಕೆ ತುಂಬ ಜನ ಹಿಂಜರಿಯುತ್ತಾರೆ. ಮೃದುವಾಗಿ ಹೇಳಬಹುದು: "ಇದು ನನಗೂ ಟ್ರಯಲ್ಲೇ. ದೊಡ್ಡ ಕೆಲಸವನ್ನು ಹೇಳಿದ ಸಮಯಕ್ಕೆ ಮುಗಿಸೋಕೆ ನನಗೆ ಏನು ಬೇಕು ಅನ್ನೋದು ಇದರಲ್ಲಿ ಗೊತ್ತಾಗುತ್ತೆ."

ಅಳತೆಗೋಲು ಎಣಿಸುವಂತೆ ಇರಬೇಕು. "ಕ್ವಾಲಿಟಿ ಚೆನ್ನಾಗಿರಬೇಕು" ಅನ್ನೋದು ಕೊನೆಗೆ ಮನಸ್ಸಿಗೆ ಬಂದ ಹಾಗೆ ತಿರುಗುತ್ತೆ. ಅವರ ಕಡೆಯಿಂದ ಇಷ್ಟು ಸಾಕು: ಮೂರು ತಿಂಗಳ ತಾಳೆ ಆಯಿತಾ, ಹೇಳಿದ ದಿನ ಕೊಟ್ಟರಾ ಅಥವಾ ತಡ ಅಂತ ಮೊದಲೇ ತಿಳಿಸಿದರಾ, ಬರೆದುಕೊಟ್ಟ ಟಿಪ್ಪಣಿ ಓದಿ ಅಕೌಂಟ್ಸ್‌ನವರು ತಾವೇ ವರದಿ ತೆಗೆಯಬಲ್ಲರಾ. ನಿಮ್ಮ ಕಡೆಯಿಂದ: ಲಾಗಿನ್ 2 ಕೆಲಸದ ದಿನದಲ್ಲಿ ಬಂತಾ, ಪ್ರಶ್ನೆಗೆ 1 ಕೆಲಸದ ದಿನದಲ್ಲಿ ಉತ್ತರ ಬಂತಾ, ತಿದ್ದುಪಡಿ ಒಂದೇ ಬಾಯಿಂದ ಬಂತಾ, ಹಣ 7 ದಿನದಲ್ಲಿ ಬಂತಾ.

ಇಲ್ಲೇ ಇನ್ನೊಂದು ಪ್ರಶ್ನೆ ಕೇಳಿಬಿಡಿ: "ದೊಡ್ಡ ಕೆಲಸದಲ್ಲೂ ನನ್ನ ಜೊತೆ ಮಾತಾಡುವವರು ಇವರೇನಾ?" ಟ್ರಯಲ್‌ಗೆ ತಮ್ಮಲ್ಲಿರುವ ಅತಿ ಚುರುಕಿನವರನ್ನು ಕೊಟ್ಟು, ಆಮೇಲೆ ಬೇರೆಯವರನ್ನು ಕೂರಿಸಿದರೆ ನೀವು ನೋಡಿದ್ದಕ್ಕೆ ಬೆಲೆ ಇಲ್ಲ. ಕೆಲಸವನ್ನು ನೀವು ಬೇರೆಯವರ ಕೈಲಿ ಮಾಡಿಸುವ ಯೋಚನೆ ಇದ್ದರೆ ಅದೂ ಅಷ್ಟೇ, ಮೊದಲೇ ಹೇಳಿ.

5. ಮಾಮೂಲಿ ವೇಗದಲ್ಲಿ ಕೆಲಸ ಮಾಡಿ, ಗಂಟೆ ಬರೆದಿಡಿ

ಹೊಸ ಕ್ಲೈಂಟ್‌ಗೆ ಇಷ್ಟವಾಗಲಿ ಅಂತ ರಾತ್ರಿ ಹಗಲು ಕೂತು ನಾಲ್ಕು ದಿನದಲ್ಲಿ ಮುಗಿಸೋದು ನಾನೇ ಮಾಡಿರುವ ತಪ್ಪು. ಮುಂದಿನ ಆರು ತಿಂಗಳು ಅವರು ಅದೇ ವೇಗ ನಿರೀಕ್ಷಿಸಿದರು. ಅವರದು ತಪ್ಪಲ್ಲ, ತೋರಿಸಿದ್ದು ನಾನು. ಬರೆಯದ ಗಂಟೆ ಕೂಡ ಇದೇ ಥರದ ಸುಳ್ಳು. "ಅರ್ಧ ಗಂಟೆ ತಾನೆ" ಅಂತ ಬಿಟ್ಟದ್ದು ಮುಂದಿನ ಅಂದಾಜಿನಲ್ಲಿ ದಿನಗಟ್ಟಲೆ ಆಗಿ ಬಂದು ಕುತ್ತಿಗೆ ಹಿಡಿಯುತ್ತೆ.

ಪ್ರಶ್ನೆಗಳನ್ನು ಬರವಣಿಗೆಯಲ್ಲೇ ಕೇಳಿ. ಫೋನಿನಲ್ಲಿ ಮಾತಾಡಿದರೂ ಆಮೇಲೆ ಎರಡು ಸಾಲು ಬರೆದು ಕಳಿಸಿ. ಪ್ರಶ್ನೆ ಕೇಳಿದ ದಿನ ಮತ್ತು ಉತ್ತರ ಬಂದ ದಿನ ಎರಡೂ ದಾಖಲಾಗುತ್ತೆ.

ಈಗ ಉದಾಹರಣೆಯಲ್ಲಿ ಏನಾಯಿತು ನೋಡೋಣ. ಲಾಗಿನ್ ನಾಲ್ಕನೇ ದಿನ ಬಂತು. ಅದೂ ಹಳೆಯ ಕಾಪಿಯದ್ದು, ಕಳೆದ ಮೂರು ತಿಂಗಳ ಡೇಟಾವೇ ಅದರಲ್ಲಿ ಇರಲಿಲ್ಲ. ಸರಿಯಾದದ್ದು ಸಿಗೋ ಹೊತ್ತಿಗೆ ತಯಾರಿಗೆ 5 ಗಂಟೆ ಹೋಗಿತ್ತು. ನಿಯಮಗಳಿಗೆ 4, ವರದಿ ಬರೆಯೋಕೆ ಅಂದುಕೊಂಡ ಹಾಗೆ 5. ತಾಳೆ ನೋಡೋಕೆ ಕೂತಾಗ ಎರಡು ತಿಂಗಳು ಸರಿ ಬಂತು, ಮೂರನೆಯದು ಬರಲಿಲ್ಲ. ಹೊಸ ವರದಿಯಲ್ಲಿ ಒಟ್ಟು ಬಾಕಿ ಹಳೆಯದಕ್ಕಿಂತ ಕಡಿಮೆ. ಆಗ 15 ಗಂಟೆ ಆಗಿತ್ತು. ಒಪ್ಪಿದಂತೆ ನೀವು ಹೀಗೆ ಬರೆದಿರಿ:

"ಇಲ್ಲಿಯವರೆಗೆ 15 ಗಂಟೆ ಆಗಿದೆ. ವರದಿ ಸಿದ್ಧ ಇದೆ, ಎರಡು ತಿಂಗಳು ತಾಳೆಯಾಗಿದೆ. ಮೂರನೇ ತಿಂಗಳಲ್ಲಿ ವ್ಯತ್ಯಾಸ ಇದೆ. ಕ್ರೆಡಿಟ್ ನೋಟ್ ಕಡೆಯಿಂದ ಇರಬಹುದು ಅಂತ ಅನುಮಾನ. ಹುಡುಕೋಕೆ ಇನ್ನು 5 ಗಂಟೆ, ಒಪ್ಪಿಸೋಕೆ 2 ಗಂಟೆ ಬೇಕು. ಒಟ್ಟು 22 ಆಗುತ್ತೆ, ಮಿತಿ 20. ಲಾಗಿನ್ ಬದಲಾಯಿಸಿಕೊಳ್ಳೋಕೆ 2 ಗಂಟೆ ಜಾಸ್ತಿ ಹೋಗಿದೆ. ಮಿತಿಯನ್ನು 22 ಮಾಡೋಣವೇ, ಅಥವಾ ವ್ಯತ್ಯಾಸವನ್ನು ಹಾಗೇ ಗುರುತು ಮಾಡಿ 20ಕ್ಕೆ ನಿಲ್ಲಿಸಲೇ?"

ಮಾರಿದ ಸರಕು ವಾಪಸ್ ಬಂದಾಗ ಗ್ರಾಹಕರ ಬಾಕಿಯಿಂದ ಕಳೆಯೋಕೆ ಕೊಡುವ ಚೀಟಿಯೇ ಕ್ರೆಡಿಟ್ ನೋಟ್. ಕೊನೆಗೆ ಗೊತ್ತಾದದ್ದೂ ಅದೇ. ಆ ತಿಂಗಳು ಎಕ್ಸೆಲ್ ಮಾಡಿದವರು ಕ್ರೆಡಿಟ್ ನೋಟ್‌ಗಳನ್ನು ಕಳೆಯೋಕೆ ಮರೆತಿದ್ದರು. ಹಳೆಯ ವರದಿಯೇ ತಪ್ಪು.

ಈ ಒಂದು ಇಮೇಲ್‌ಗೆ ಬರುವ ಉತ್ತರವನ್ನು ಗಮನವಿಟ್ಟು ಓದಿ. "ಸರಿ, 22 ಮಾಡಿ, ಹುಡುಕಿ" ಅಂದರೆ ಒಳ್ಳೆಯದು. "ಬೇಡ, 20ಕ್ಕೆ ನಿಲ್ಲಿಸಿ" ಅಂದರೂ ಒಳ್ಳೆಯದೇ, ಅದು ಅವರ ಹಕ್ಕು. ಮೂರು ದಿನ ಉತ್ತರವೇ ಬರದಿದ್ದರೆ, ಅಥವಾ "ಅದೆಲ್ಲ ಗೊತ್ತಿಲ್ಲ, ಮುಗಿಸಿಕೊಡಿ" ಅಂದರೆ, ದೊಡ್ಡ ಕೆಲಸದಲ್ಲಿ ಪ್ರತಿ ವಾರ ಇದೇ ಆಗುತ್ತೆ. ಇಂಥ ಒಂದು ಇಮೇಲ್ ಕಳಿಸುವ ಸಂದರ್ಭವೇ ಬರದ ಟ್ರಯಲ್ ನನಗೆ ಅಷ್ಟು ನಂಬಿಕೆ ಕೊಡಲ್ಲ.

ಮಧ್ಯದಲ್ಲಿ "ಇದರ ಜೊತೆ ಒಂದು ಚಾರ್ಟ್ ಕೂಡ ಹಾಕಿಬಿಡಿ" ಅಂತ ಬಂದರೆ ಜಗಳ ಬೇಡ, ಸುಮ್ನೆ ಮಾಡಿಕೊಡೋದೂ ಬೇಡ. "ಆಗುತ್ತೆ, 3 ಗಂಟೆ. ಇದರಲ್ಲಿ ಏನನ್ನಾದರೂ ತೆಗೆದು ಅದನ್ನು ಹಾಕಲೇ, ಇಲ್ಲ ಮುಂದಿನ ಪಟ್ಟಿಗೆ ಬರೆದುಕೊಳ್ಳಲೇ?" ಅಂತ ಕೇಳಿ.

6. ಒಪ್ಪಿಸಿ, ಅರ್ಧ ಗಂಟೆ ಕೂತು ಮಾತಾಡಿ

ವರದಿ ಕಳಿಸಿ ಕೈ ತೊಳೆದುಕೊಳ್ಳಬೇಡಿ. ವರದಿಯನ್ನು ನಿಜವಾಗಿ ಬಳಸುವ ಅಕೌಂಟ್ಸ್‌ನವರು ಆ ಮಾತುಕತೆಯಲ್ಲಿ ಇರಬೇಕು. ನಿಮ್ಮ ಟಿಪ್ಪಣಿ ನೋಡಿಕೊಂಡು ಅವರೇ ಒಮ್ಮೆ ವರದಿ ತೆಗೆಯಲಿ, ನೀವು ಕೈಕಟ್ಟಿ ನೋಡಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಟಿಪ್ಪಣಿ ಸರಿಯಿಲ್ಲ.

ಆಮೇಲೆ ನಾಲ್ಕನೇ ಹಂತದ ಪಟ್ಟಿ ತೆಗೆದು ಒಂದೊಂದೇ ಸಾಲು ಓದಿ. ನಿಮ್ಮ ತಪ್ಪನ್ನು ನೀವೇ ಮೊದಲು ಹೇಳಿದರೆ ಮಾತು ಸಲೀಸಾಗುತ್ತೆ: "ತಾಳೆ ನೋಡೋಕೆ 3 ಗಂಟೆ ಅಂದಿದ್ದೆ, 6 ಆಯಿತು. ನನ್ನ ಅಂದಾಜು ತಪ್ಪಿತು." ಆಮೇಲೆ ಲಾಗಿನ್ ವಿಷಯ ಎತ್ತಿದರೆ ಅವರಿಗೂ ದೂರಿನ ಹಾಗೆ ಕೇಳಿಸಲ್ಲ.

ಎಚ್ಚರಿಕೆ: "ತುಂಬ ಚೆನ್ನಾಗಿದೆ, ಮುಂದಿನ ವರದಿ ಶುರು ಮಾಡಿಬಿಡಿ, ಪೇಪರ್ ಆಮೇಲೆ ನೋಡೋಣ" ಅಂತ ಇದೇ ಮಾತುಕತೆಯಲ್ಲಿ ಹೇಳಬಹುದು. ಖುಷಿಯಲ್ಲಿ ತಲೆ ಆಡಿಸಬೇಡಿ. ಹಾಗೆ ಶುರುವಾದರೆ ಟ್ರಯಲ್‌ನ ಷರತ್ತುಗಳೂ ಇಲ್ಲ, ದೊಡ್ಡ ಕೆಲಸದ ಷರತ್ತುಗಳೂ ಇಲ್ಲ. ಎರಡರ ನಡುವೆ ತ್ರಿಶಂಕು.

7. ಗಂಟೆಯ ಲೆಕ್ಕದಿಂದ ದೊಡ್ಡ ಕೆಲಸದ ಅಂದಾಜು ಕಟ್ಟಿ

ಟ್ರಯಲ್‌ನ ನಿಜವಾದ ಫಲ ಇಲ್ಲಿದೆ. ಒಟ್ಟು 22 ಗಂಟೆ ಆಯಿತು. ಇದನ್ನು ಹಾಗೇ 13ರಿಂದ ಗುಣಿಸಬೇಡಿ. ಲಾಗಿನ್ ಮತ್ತು ತಯಾರಿಯ 5 ಗಂಟೆ ಒಂದೇ ಸಲದ ಖರ್ಚು, ಮತ್ತೆ ಬರಲ್ಲ. ಅದನ್ನು ತೆಗೆದರೆ ಒಂದು ವರದಿಗೆ 17 ಗಂಟೆ. ನಿಮ್ಮ ಮೊದಲ ಅಂದಾಜಿನಲ್ಲಿ ತಯಾರಿ ಬಿಟ್ಟರೆ 13 ಇತ್ತು.

ಉಳಿದ 13 ವರದಿಗೆ ಹಳೆಯ ಅಂದಾಜಿನ ಪ್ರಕಾರ 169 ಗಂಟೆ, ಹೊಸದರ ಪ್ರಕಾರ 221. ವ್ಯತ್ಯಾಸ 52 ಗಂಟೆ. ಟ್ರಯಲ್ ಇಲ್ಲದೆ ಒಂದೇ ಮೊತ್ತಕ್ಕೆ ಒಪ್ಪಿಕೊಂಡಿದ್ದರೆ ಆ 52 ಗಂಟೆ ನಿಮ್ಮ ತಲೆ ಮೇಲೆ ಬೀಳುತ್ತಿತ್ತು.

ಆದರೆ ಒಂದು ವರದಿ ನೋಡಿ 13ಕ್ಕೆ ಆಣೆ ಹಾಕೋದೂ ತಪ್ಪು. ಮಾರಾಟದ ಪಟ್ಟಿಯಂಥವು ಬೇಗ ಮುಗಿಯುತ್ತವೆ, ಸರಕಿನ ಬೆಲೆಯದ್ದು ಎಷ್ಟು ಎಳೆಯುತ್ತೋ ಗೊತ್ತಿಲ್ಲ. ಹಾಗಾಗಿ ಸುಲಭ, ಮಧ್ಯಮ, ಕಷ್ಟ ಅಂತ ವಿಂಗಡಿಸಿ. ಮೊದಲು ಮೂರು ವರದಿಗೆ ಮಾತ್ರ ಅಂದಾಜು ಕೊಡಿ, ಅದು ಮುಗಿದ ಮೇಲೆ ಉಳಿದದ್ದಕ್ಕೆ. ತಾಳೆ ನೋಡುವ ಸಮಯವನ್ನು ಬೇರೆಯೇ ಸಾಲಿನಲ್ಲಿ ತೋರಿಸಿ. ಹಳೆಯ ಫೈಲುಗಳಲ್ಲಿ ತಪ್ಪು ಇರುತ್ತೆ ಅನ್ನೋದನ್ನು ಈಗ ಅವರೂ ಕಣ್ಣಾರೆ ನೋಡಿದ್ದಾರೆ, ಆ ಸಾಲಿಗೆ ತಕರಾರು ಬರೋದು ಕಡಿಮೆ.

ಲಾಗಿನ್ ತಡವಾಗಿದ್ದರೆ ದೊಡ್ಡ ಕೆಲಸದ ಒಪ್ಪಂದದಲ್ಲಿ ಅದಕ್ಕೊಂದು ಸಾಲು ಸೇರಿಸಿ. ತಿದ್ದುಪಡಿ ಇಬ್ಬರಿಂದ ಬಂದಿದ್ದರೆ ಅದಕ್ಕೂ ಒಂದು. ಹಣ ಮಾತ್ರ ಬೇರೆ ವಿಷಯ. ನೆನಪು ಮಾಡಿದರೂ 7 ದಿನದ ಹಣ 30 ದಿನಕ್ಕೆ ಬಂತು ಅಂದರೆ, ಸಾಲು ಸೇರಿಸಿದ್ದರಿಂದ ಅದು ಸರಿಹೋಗಿದ್ದನ್ನು ನಾನು ನೋಡಿಲ್ಲ. ಅಲ್ಲಿ ಪ್ರತಿ ಹಂತಕ್ಕೂ ಅಡ್ವಾನ್ಸ್ ಕೇಳಿ, ಇಲ್ಲ ಬಿಟ್ಟುಬಿಡಿ.

8. ಬೇಡ ಅನ್ನಿಸಿದರೆ

ಯಾರು ಬೇಕಾದರೂ ಬೇಡ ಅನ್ನಬಹುದು, ಅದಕ್ಕೇ ಅಲ್ವಾ ಟ್ರಯಲ್ ಮಾಡಿದ್ದು. ಹೇಳಿದ 5 ದಿನದೊಳಗೆ ಹೇಳಿ, ಎಳೆಯಬೇಡಿ. ಉದ್ದದ ಕಾರಣ ಬೇಕಿಲ್ಲ: "ಬಾಕಿ ವರದಿ ನಿಮ್ಮಲ್ಲಿ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡಿದ್ದೇನೆ. ಉಳಿದ ಕೆಲಸಕ್ಕೆ ಬೇಕಾದಷ್ಟು ಸಮಯವನ್ನು ನಾನು ಕೊಡಲಾರೆ, ಹಾಗಾಗಿ ಇದನ್ನು ಇಲ್ಲಿಗೆ ಮುಗಿಸುತ್ತೇನೆ. ಮುಂದೆ ಮಾಡುವವರಿಗೆ ಬೇಕಾದ ಟಿಪ್ಪಣಿ ಫೋಲ್ಡರ್‌ನಲ್ಲಿದೆ."

ಅವರೇ ಬೇಡ ಅಂದರೆ ಪಟ್ಟಿಯ ಯಾವ ಸಾಲಿನಲ್ಲಿ ಕಡಿಮೆ ಬಿತ್ತು ಅಂತ ಒಂದೇ ಒಂದು ಸಲ ಕೇಳಿ. ಉತ್ತರ ಬಂದರೆ ಬರೆದಿಟ್ಟುಕೊಳ್ಳಿ. ವಾದ ಬೇಡ.

ಯಾವ ಕಡೆಯಿಂದ ಬೇಡ ಅಂದರೂ ಕೊನೆಯ ಎರಡು ಕೆಲಸ ನಿಮ್ಮವು. ನಿಮ್ಮ ಕಂಪ್ಯೂಟರ್‌ನಲ್ಲಿ ಉಳಿದಿರುವ ಅವರ ಗ್ರಾಹಕರ ಡೇಟಾ, ಆ ಮೂರು ತಿಂಗಳ ಎಕ್ಸೆಲ್ ಫೈಲುಗಳ ಸಮೇತ, ಅಳಿಸಿ, ಅಳಿಸಿದ್ದೇನೆ ಅಂತ ಬರೆದು ತಿಳಿಸಿ. ನಿಮಗೆ ಕೊಟ್ಟ ಲಾಗಿನ್ ಮುಚ್ಚೋಕೆ ಹೇಳಿ, ಮುಚ್ಚಿದ್ದಾರಾ ಅಂತ ಎರಡು ದಿನ ಬಿಟ್ಟು ಕೇಳಿ. ಎಷ್ಟೋ ಕಡೆ ಅದನ್ನು ಮರೆತೇಬಿಡುತ್ತಾರೆ. ಆರು ತಿಂಗಳ ಮೇಲೆ ಅಲ್ಲಿ ಏನಾದರೂ ಎಡವಟ್ಟಾದರೆ ತೆರೆದಿರುವ ಹೊರಗಿನವರ ಲಾಗಿನ್‌ಗಳ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರುತ್ತೆ.